ಸಿಂಥೆಟಿಕ್ ಕಂಟ್ರೋಲ್ ಅಂದರೆ ಅಕ್ಕಪಕ್ಕದ ರಾಜ್ಯಗಳ ಸರಾಸರಿ ಅಲ್ಲ

ಒಂದು ರಾಜ್ಯದಲ್ಲಿ ಹೊಸ ಕಾನೂನು ಬರುತ್ತದೆ. ಅದರ ಪರಿಣಾಮ ಅಳೆಯಲು ಹೊರಟವರು ಅಕ್ಕಪಕ್ಕದ ನಾಲ್ಕು ರಾಜ್ಯಗಳ ಸರಾಸರಿ ತೆಗೆಯುತ್ತಾರೆ, ಗ್ರಾಫಿನಲ್ಲಿ ಒಂದು ಚುಕ್ಕೆ ಗೆರೆ ಎಳೆಯುತ್ತಾರೆ, ಅದಕ್ಕೆ 'ಸಿಂಥೆಟಿಕ್ ಕಂಟ್ರೋಲ್' ಅಂತ ಹೆಸರು ಕೊಟ್ಟುಬಿಡುತ್ತಾರೆ. ಇಂಥ ವರದಿಗಳನ್ನು ಎಷ್ಟೋ ಸಲ ಓದಿದ್ದಾಯಿತು. ಸರಾಸರಿ ತೆಗೆಯುವುದು ತಪ್ಪಲ್ಲ. ಆದರೆ ಅದನ್ನು ಸರಾಸರಿ ಅಂತಲೇ ಕರೆಯಬೇಕು. ಸಿಂಥೆಟಿಕ್ ಕಂಟ್ರೋಲ್ ಅನ್ನುವುದು ಬೇರೆಯದೇ ಕೆಲಸ: ಬೇರೆ ರಾಜ್ಯಗಳಿಗೆ ಬೇರೆಬೇರೆ ತೂಕ ಕೊಟ್ಟು ಬೆರೆಸಿ, ಕಾನೂನಿಗೆ ಮುಂಚಿನ ಆ ರಾಜ್ಯವನ್ನೇ ಹೋಲುವ ಒಂದು ಮಿಶ್ರಣ ಕಟ್ಟುವುದು.

ಈ ವಿಧಾನ 2003ರಲ್ಲಿ ಅಲ್ಬರ್ಟೊ ಅಬಾಡಿ ಮತ್ತು ಹಾವಿಯೆರ್ ಗಾರ್ಡಿಯಾಜಬಲ್ ಅವರ ಕೈಯಲ್ಲಿ ಹುಟ್ಟಿತು. ಭಯೋತ್ಪಾದನೆಯಿಂದ ಸ್ಪೇನಿನ ಬಾಸ್ಕ್ ಪ್ರದೇಶದ ಆರ್ಥಿಕತೆಗೆ ಎಷ್ಟು ಪೆಟ್ಟು ಬಿತ್ತು ಅನ್ನುವುದು ಅವರ ಪ್ರಶ್ನೆ. ಹೆಚ್ಚಿನವರಿಗೆ ಪರಿಚಯವಿರುವ ಉದಾಹರಣೆ ಮಾತ್ರ 2010ರದ್ದು. ಅಬಾಡಿ, ಡೈಮಂಡ್ ಮತ್ತು ಹೈನ್‌ಮ್ಯುಲರ್ ಕ್ಯಾಲಿಫೋರ್ನಿಯಾದ ತಂಬಾಕು ಕಾನೂನನ್ನು ಪರಿಶೀಲಿಸಿದರು. ಈ ಪದದ ಅರ್ಥ ಹಿಡಿಯಲು ಅದೊಂದೇ ಸಾಕು.

1988ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 'ಪ್ರೊಪೊಸಿಷನ್ 99' ಅನ್ನು ಒಪ್ಪಿದರು. ಮುಂದಿನ ಜನವರಿಯಿಂದ ಸಿಗರೇಟ್ ಪ್ಯಾಕಿನ ಮೇಲಿನ ತೆರಿಗೆ 25 ಸೆಂಟ್ ಏರಿತು. ಆ ಹಣದಲ್ಲಿ ಒಂದು ಪಾಲು ಧೂಮಪಾನ ವಿರೋಧಿ ಪ್ರಚಾರಕ್ಕೆ ಹೋಯಿತು. ಆಮೇಲೆ ಸಿಗರೇಟ್ ಮಾರಾಟ ಇಳಿಯಿತು. ಆದರೆ ಅದು ಮೊದಲೇ ಇಳಿಯುತ್ತಿತ್ತು, ದೇಶದ ಬೇರೆ ಕಡೆಯೂ ಇಳಿಯುತ್ತಿತ್ತು. ಹಾಗಾದರೆ ಕಾನೂನಿನ ಪಾಲೆಷ್ಟು? ಅದು ಗೊತ್ತಾಗಬೇಕಾದರೆ, ಕಾನೂನು ಬಾರದೇ ಇದ್ದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ಮಾರಾಟವಾಗುತ್ತಿತ್ತು ಅನ್ನುವ ಅಂದಾಜು ಬೇಕು.

ಇಲ್ಲಿ ಸರಾಸರಿ ಕೈಕೊಡುತ್ತದೆ. 1988ರಲ್ಲಿ, ಅಂದರೆ ಕಾನೂನು ಜಾರಿಗೆ ಬರುವ ಮೊದಲೇ, ಕ್ಯಾಲಿಫೋರ್ನಿಯಾದಲ್ಲಿ ತಲಾ ಸುಮಾರು 90 ಪ್ಯಾಕ್ ಮಾರಾಟವಾಗುತ್ತಿತ್ತು. ಹೋಲಿಕೆಗೆ ಇಟ್ಟುಕೊಂಡ 38 ರಾಜ್ಯಗಳ ಸರಾಸರಿ ಸುಮಾರು 114. ಶುರುವಿನಲ್ಲೇ ಇಷ್ಟು ಅಂತರವಿರುವ ಎರಡು ಗೆರೆಗಳು ಮುಂದೆ ಇನ್ನಷ್ಟು ದೂರವಾದರೆ, ಅದಕ್ಕೆ ಕಾನೂನೇ ಕಾರಣ ಅಂತ ಹೇಳುವುದು ಹೇಗೆ?

ಅದಕ್ಕೇ ಸಂಶೋಧಕರು ಪ್ರತಿ ರಾಜ್ಯಕ್ಕೂ ಒಂದು ತೂಕ ಕೊಟ್ಟರು. ತೂಕ ಸೊನ್ನೆಗಿಂತ ಕಡಿಮೆ ಇರಬಾರದು, ಎಲ್ಲ ಸೇರಿ ಒಂದಾಗಬೇಕು. ಆ ಮಿಶ್ರಣ ಕಾನೂನಿಗೆ ಮುಂಚಿನ ಕ್ಯಾಲಿಫೋರ್ನಿಯಾಕ್ಕೆ ಆದಷ್ಟು ಹತ್ತಿರ ಬರಬೇಕು. ಸಿಗರೇಟಿನ ಬೆಲೆ, ತಲಾ ಆದಾಯ, 15ರಿಂದ 24 ವಯಸ್ಸಿನವರ ಪ್ರಮಾಣ, ಬಿಯರ್ ಬಳಕೆ, ಹಿಂದಿನ ಕೆಲವು ವರ್ಷಗಳ ಸಿಗರೇಟ್ ಮಾರಾಟ, ಇವೆಲ್ಲ ಹೊಂದಬೇಕು. ಲೆಕ್ಕ ಮಾಡಿದಾಗ ಐದೇ ರಾಜ್ಯಗಳಿಗೆ ತೂಕ ಬಂತು: ಯೂಟಾ 0.334, ನೆವಾಡಾ 0.234, ಮೊಂಟಾನಾ 0.199, ಕೊಲರಾಡೊ 0.164, ಕನೆಕ್ಟಿಕಟ್ 0.069. ಮಿಕ್ಕ 33ಕ್ಕೆ ಸೊನ್ನೆ. ಈ ಮಿಶ್ರಣದಲ್ಲಿ 1988ರ ಮಾರಾಟ 91-92 ಪ್ಯಾಕಿನಷ್ಟು ಬರುತ್ತದೆ. ನಿಜವಾದ 90ರ ಪಕ್ಕದಲ್ಲೇ ಇದೆ.

ಗಮನಿಸಬೇಕಾದ್ದು ಇದು: ತೂಕ ಹುಡುಕುವಾಗ 1989ರ ನಂತರದ ಮಾರಾಟದ ಅಂಕಿಗಳನ್ನು ಮುಟ್ಟುವ ಹಾಗಿಲ್ಲ. ಫಲಿತಾಂಶ ನೋಡಿಕೊಂಡು "ಈ ರಾಜ್ಯ ತೆಗೆಯೋಣ, ಅದನ್ನು ಸೇರಿಸೋಣ" ಅಂತ ಶುರುಮಾಡಿದರೆ ಈ ವಿಧಾನಕ್ಕೆ ಬೆಲೆಯೇ ಇಲ್ಲ. ರಾಜ್ಯಗಳನ್ನು ಹೊರಗಿಡಲು ಮೊದಲೇ ಹೇಳಬಹುದಾದ ಕಾರಣ ಬೇಕು. ಇಲ್ಲಿ ಹಾಗೇ ಮಾಡಿದ್ದಾರೆ. ಆ ಅವಧಿಯಲ್ಲಿ ತಾವೂ ದೊಡ್ಡ ತಂಬಾಕು ನಿಯಂತ್ರಣ ಕಾರ್ಯಕ್ರಮ ತಂದ ಅಥವಾ ಸಿಗರೇಟ್ ತೆರಿಗೆ ಜೋರಾಗಿ ಏರಿಸಿದ ರಾಜ್ಯಗಳನ್ನು ಕೈಬಿಟ್ಟಿದ್ದಾರೆ. ಅದೇ ಔಷಧ ಕುಡಿದವರನ್ನು ಹೋಲಿಕೆಗೆ ಇಟ್ಟುಕೊಳ್ಳಲಾಗದು, ಅಲ್ವಾ?

ಈಗ ನನಗೆ ಅತಿ ಹೆಚ್ಚು ಕಿರಿಕಿರಿ ಮಾಡುವ ಮಾತಿಗೆ ಬರುತ್ತೇನೆ. "ಯೂಟಾಗೆ ಅತಿ ಹೆಚ್ಚು ತೂಕ ಬಂದಿದೆ, ಅಂದರೆ ಯೂಟಾ ಕ್ಯಾಲಿಫೋರ್ನಿಯಾದಂತೆಯೇ ಇದೆ." ಇಲ್ಲ! ಮೋರ್ಮನ್ನರೇ ಹೆಚ್ಚಿರುವ ಯೂಟಾದಲ್ಲಿ ಸಿಗರೇಟ್ ಮಾರಾಟ ಬಹಳ ಕಡಿಮೆ, ಕ್ಯಾಲಿಫೋರ್ನಿಯಾಗಿಂತಲೂ ಕಡಿಮೆ. ಹೆಚ್ಚಿನ ರಾಜ್ಯಗಳು ಕ್ಯಾಲಿಫೋರ್ನಿಯಾಗಿಂತ ಮೇಲಿವೆ. ಮೇಲಿರುವವನ್ನೇ ಎಷ್ಟು ಬೆರೆಸಿದರೂ ಮಿಶ್ರಣ 90ಕ್ಕೆ ಇಳಿಯುವುದಿಲ್ಲ, ಯಾಕೆಂದರೆ ತೂಕ ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲ. ಕೆಳಕ್ಕೆ ಎಳೆಯಲು ಕೆಳಗಿರುವ ಒಂದು ಬೇಕು. ಆ ಕೆಲಸ ಯೂಟಾ ಮಾಡುತ್ತದೆ. ಹೋಲಿಕೆ ಇರುವುದು ಮಿಶ್ರಣಕ್ಕೆ ಮಾತ್ರ, ಅದರೊಳಗಿನ ಒಂದೊಂದು ರಾಜ್ಯಕ್ಕಲ್ಲ. ತೂಕದ ಪಟ್ಟಿಯನ್ನು ರ‍್ಯಾಂಕ್ ಪಟ್ಟಿಯಂತೆ ಓದುವುದು ನಿಲ್ಲಬೇಕು.

ಇದೇ ನಿಯಮದಿಂದ ವಿಧಾನದ ಮಿತಿಯೂ ಕಾಣುತ್ತದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ತಲಾ ಮಾರಾಟ ಆ ರಾಜ್ಯಗಳಲ್ಲೆಲ್ಲ ಅತಿ ಹೆಚ್ಚು. ಅದಕ್ಕಿಂತ ಮೇಲೆ ಯಾರೂ ಇಲ್ಲ. ಹಾಗಾಗಿ ಯಾವ ಮಿಶ್ರಣವೂ ಅದರ ಮಟ್ಟ ಮುಟ್ಟುವುದಿಲ್ಲ. ಇಂಥ ಕಡೆ ಸಾಫ್ಟ್‌ವೇರ್ ಒಂದು ಉತ್ತರವನ್ನಂತೂ ಕೊಡುತ್ತದೆ, ಆದರೆ ಅದನ್ನು ಬಳಸಬಾರದು. ಪತ್ತೆ ಮಾಡುವುದು ಸುಲಭ: ಕಾನೂನಿಗೆ ಮುಂಚಿನ ವರ್ಷಗಳಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಕೂತಿವೆಯೇ ನೋಡಿ. ಕೂತಿಲ್ಲದಿದ್ದರೆ ನಂತರದ ಅಂತರಕ್ಕೆ ಅರ್ಥವಿಲ್ಲ. ಎರಡು ಮೂರು ವರ್ಷ ಮಾತ್ರ ಕೂತಿದ್ದರೂ ನಂಬಬೇಡಿ, ರಾಜ್ಯಗಳು ಬಹಳ ಇದ್ದಾಗ ಅಷ್ಟು ಹೊಂದಾಣಿಕೆ ಸುಮ್ನೆ ಆಕಸ್ಮಿಕವಾಗಿಯೂ ಬರುತ್ತದೆ. ಕ್ಯಾಲಿಫೋರ್ನಿಯಾಕ್ಕೆ 1970ರಿಂದ 19 ವರ್ಷಗಳ ಅಂಕಿಗಳಿದ್ದವು.

1989ರ ನಂತರ ಗೆರೆಗಳು ಬೇರೆಯಾದವು. 2000ದ ಹೊತ್ತಿಗೆ ನಿಜವಾದ ಮಾರಾಟ ಮಿಶ್ರಣಕ್ಕಿಂತ ವರ್ಷಕ್ಕೆ ತಲಾ ಸುಮಾರು 26 ಪ್ಯಾಕ್ ಕಡಿಮೆ ಇತ್ತು. ಇದು ಕಾಕತಾಳೀಯವೇ? ಅದಕ್ಕೂ ಪರೀಕ್ಷೆಯಿದೆ. 38 ರಾಜ್ಯಗಳಲ್ಲಿ ಒಂದೊಂದಕ್ಕೂ 1989ರಲ್ಲಿ ಕಾನೂನು ಬಂದಿತ್ತು ಅಂತ ಇಟ್ಟುಕೊಂಡು ಇಡೀ ಲೆಕ್ಕವನ್ನು ಮತ್ತೆ ಮಾಡಿದರು. ಪ್ರತಿ ಸಲವೂ ಕಾನೂನಿನ ನಂತರದ ವ್ಯತ್ಯಾಸವನ್ನು ಮುಂಚಿನ ವ್ಯತ್ಯಾಸದಿಂದ ಭಾಗಿಸಿದರು. ಎರಡೂ ಕಡೆ ವ್ಯತ್ಯಾಸದ ವರ್ಗದ ಸರಾಸರಿ ತೆಗೆದುಕೊಂಡು ಭಾಗಿಸಿದರೆ ಕ್ಯಾಲಿಫೋರ್ನಿಯಾದ್ದು ಸುಮಾರು 130 ಪಟ್ಟು. 39 ರಾಜ್ಯಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಯಾವುದೋ ಒಂದು ರಾಜ್ಯವನ್ನು ಕಣ್ಣುಮುಚ್ಚಿ ಆರಿಸಿದರೆ ಮೊದಲ ಸ್ಥಾನದ್ದೇ ಸಿಗುವ ಸಾಧ್ಯತೆ 1/39, ಅಂದರೆ 0.026. ಈ ಹಂತ ಇಲ್ಲದ ವರದಿಯಲ್ಲಿ ಇರುವುದು ಚಿತ್ರ ಮಾತ್ರ.

ಇಷ್ಟಾದರೂ ನೆವಾಡಾದ 0.234 ಬಗ್ಗೆ ಯೋಚಿಸಬೇಕು. ಅದು ಕ್ಯಾಲಿಫೋರ್ನಿಯಾದ ನೆರೆಯ ರಾಜ್ಯ. ತೆರಿಗೆ ಏರಿದ ಮೇಲೆ ಜನ ಗಡಿ ದಾಟಿ ಅಲ್ಲಿಂದ ಸಿಗರೇಟ್ ತಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಕ್ಯಾಲಿಫೋರ್ನಿಯಾದ ಮಾರಾಟದ ಲೆಕ್ಕ ಇಳಿಯುತ್ತದೆ, ನೆವಾಡಾದ್ದು ಏರುತ್ತದೆ, ಅದರ ಜೊತೆ ಮಿಶ್ರಣವೂ ಏರುತ್ತದೆ. ಸೇದುವುದು ಅಷ್ಟೇ ಇದ್ದರೂ ಅಂತರ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ತೂಕ ಬಂದ ರಾಜ್ಯಗಳನ್ನು ಒಂದೊಂದಾಗಿ ಹೊರಗಿಟ್ಟು, ಮತ್ತೆ ತೂಕ ಹುಡುಕಿ, ಅಂತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆಯೇ ಅಂತ ನೋಡಬೇಕು. ನೆವಾಡಾ ತೆಗೆದ ಕೂಡಲೇ ಅಂತರ ಕರಗಿದರೆ, ನೀವು ಅಳೆದಿದ್ದು ಕಾನೂನಿನ ಪರಿಣಾಮವಲ್ಲ, ಗಡಿಯಾಚೆಯ ಖರೀದಿ.