ಸರಹದ್ದಿನ ಬೊಗಳಾಟ: ಗೇಟಿನೊಳಗಿನ ನಾಯಿ ಏಕೆ ಹಾಗೆ ಮಾಡುತ್ತದೆ?

ತನ್ನದೆಂದು ತಿಳಿದ ಜಾಗದ ಅಂಚಿಗೆ ಹೊರಗಿನವರು ಬಂದಾಗ ನಾಯಿ ಬೊಗಳುತ್ತಾ ಮುನ್ನುಗ್ಗುವುದು ಸರಹದ್ದಿನ ಬೊಗಳಾಟ. ಗುರುತಿಸುವುದು ಕಷ್ಟವಲ್ಲ. ಅದೇ ನಾಯಿಯನ್ನು ಹಗ್ಗ ಹಿಡಿದು ಸಂತೆಯ ದಾರಿಯಲ್ಲಿ ಕರೆದೊಯ್ದರೆ ಅದೇ ಜನರ ನಡುವೆ ಸುಮ್ಮನೆ ನಡೆಯುತ್ತದೆ. ಎಲ್ಲಿ ಹೋದರೂ ಜನರನ್ನು ಕಂಡು ಬೆದರುವ ನಾಯಿಯದು ಬೇರೆಯೇ ತೊಂದರೆ. ಮರಿಯಲ್ಲಿ ಅಷ್ಟಾಗಿ ಕಾಣದ ಸರಹದ್ದಿನ ಬೊಗಳಾಟ ನಾಯಿ ಪ್ರಾಯಕ್ಕೆ ಬರುತ್ತಿದ್ದಂತೆ ಬಲಿಯುತ್ತದೆ. ‘ಇಷ್ಟು ದಿನ ಹೀಗಿರಲಿಲ್ಲವಲ್ಲ’ ಎಂದು ಮನೆಯವರು ಬೆರಗಾಗುವುದು ಆಗಲೇ.

ಹುಟ್ಟುಗುಣ ಇದರಲ್ಲಿ ಅರ್ಧ ಮಾತ್ರ. ಉಳಿದರ್ಧವನ್ನು ನಾಯಿಗೆ ಕಲಿಸುವವರು ದಾರಿಹೋಕರು, ಅದೂ ತಮಗರಿವಿಲ್ಲದೆ. ಕೊಡಗಿನ ಸಿದ್ದಾಪುರದ ಆಸುಪಾಸಿನಲ್ಲಿ ರಸ್ತೆಗೆ ತಾಗಿದ ಒಂದು ಮನೆ ಇದೆ ಎಂದಿಟ್ಟುಕೊಳ್ಳೋಣ. ಎದೆಮಟ್ಟದ ಕಾಂಪೌಂಡ್ ಗೋಡೆ, ಸರಳುಗಳ ಕಬ್ಬಿಣದ ಗೇಟು, ಒಳಗೆ ಎರಡು ವರ್ಷದ ನಾಯಿ. ಬೆಳಿಗ್ಗೆ ಲೈನ್ ಮನೆಗಳಿಂದ ಕೆಲಸದವರು ತೋಟಕ್ಕೆ ಹೋಗುತ್ತಾರೆ, ಅವರ ಹಿಂದೆಯೇ ಶಾಲೆಯ ಮಕ್ಕಳು. ಸಂಜೆ ಎಲ್ಲರೂ ಅದೇ ದಾರಿಯಲ್ಲಿ ಮರಳುತ್ತಾರೆ. ಒಬ್ಬರು ಗೇಟಿನೆದುರು ಬಂದರು, ನಾಯಿ ಬೊಗಳಿತು, ಅವರು ಮುಂದೆ ಸಾಗಿದರು. ಅವರು ಹೇಗೂ ಹೋಗುವವರೇ, ಆದರೆ ಅದು ನಾಯಿಗೆ ಗೊತ್ತಿಲ್ಲ. ತಾನು ಬೊಗಳಿದ್ದಕ್ಕೇ ಓಡಿಹೋದರು ಎಂಬುದು ಅದರ ಲೆಕ್ಕ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಜನಸಂಚಾರ ಹೆಚ್ಚುವುದರಿಂದ ಈ ‘ಗೆಲುವು’ ದಿನಕ್ಕೆ ಹತ್ತಾರು ಬಾರಿ ಸಿಗುತ್ತದೆ. ಕೆಲವೇ ವಾರಗಳಲ್ಲಿ ಗೋಡೆಯುದ್ದಕ್ಕೂ ಹುಲ್ಲು ಸವೆದು ನಾಯಿ ಓಡುವ ಜಾಡು ಮೂಡುತ್ತದೆ. ಅಂಥ ಜಾಡು ಕಂಡರೆ ರೂಢಿ ಬೇರೂರಿದೆ ಎಂದೇ ಅರ್ಥ.

ಇದರ ಜೊತೆಗೆ ಸರಳುಗಳ ಕಾಟವಿದೆ. ಆಚೆಗಿನವರು ಕಾಣುತ್ತಾರೆ, ಆದರೆ ಹತ್ತಿರ ಹೋಗಿ ಮೂಸಿ ನೋಡಲಾಗುವುದಿಲ್ಲ. ಅದುಮಿಟ್ಟ ಆತುರ ಸಿಟ್ಟಾಗುತ್ತದೆ. ಗೇಟಿನ ಬಳಿಯೇ ಸರಪಳಿ ಹಾಕಿ ಕಟ್ಟಿದರೆ ಅದು ಇನ್ನೂ ಕೆರಳುತ್ತದೆ. ಮನೆಯಲ್ಲಿ ಎರಡು ನಾಯಿಗಳಿದ್ದರೆ, ಹೊರಗಿನವರನ್ನು ತಲುಪಲಾಗದ ಸಿಟ್ಟಿನಲ್ಲಿ ಒಂದು ಪಕ್ಕದಲ್ಲಿರುವ ಇನ್ನೊಂದನ್ನೇ ಕಚ್ಚುವುದುಂಟು. ಜಗಳ ಬಿಡಿಸಲು ಕೈ ಹಾಕಿದ ಯಜಮಾನನಿಗೂ ಕಡಿತ ತಪ್ಪುವುದಿಲ್ಲ.

ಒಳಗಿನಿಂದ ಗದರಿದರೆ ಕೆಲಸವಾಗದು, ನಮ್ಮ ಕೂಗನ್ನು ನಾಯಿ ಜೊತೆಗೂಡಿದ ಬೊಗಳಾಟ ಎಂದುಕೊಳ್ಳಬಹುದು. ಹೊಡೆತ ಇನ್ನೂ ಕೆಟ್ಟದ್ದು. ದಾರಿಹೋಕ ಕಂಡಾಗಲೆಲ್ಲ ನೋವಾದರೆ ದಾರಿಹೋಕನೇ ನೋವಿನ ಮೂಲವಾಗಿ ಕಾಣುತ್ತಾನೆ. ಗುರುಗುಟ್ಟುವುದನ್ನು ಹೊಡೆದು ಬಿಡಿಸಿದ ನಾಯಿ ಮುನ್ಸೂಚನೆ ಕೊಡದೆ ಕಚ್ಚುವ ಅಪಾಯವೂ ಇದೆ.

ಮೊದಲು ನಿಲ್ಲಬೇಕಾದದ್ದು ಆ ದಿನನಿತ್ಯದ ಗೆಲುವು. ಗೇಟಿಗೆ ತಗಡಿನ ಶೀಟು ಹೊಡೆಸಬಹುದು. ಇಲ್ಲವೆಂದರೆ ಕಾಫಿ ನರ್ಸರಿಗೆ ಕಟ್ಟುವ ಹಸಿರು ನೆರಳುಬಲೆಯನ್ನು ಎರಡು ಪದರ ಮಾಡಿ ನಾಯಿಯ ಕಣ್ಣಿಗಿಂತ ಎತ್ತರಕ್ಕೆ ಬಿಗಿಯಬಹುದು. ಒಂದೇ ಪದರದಲ್ಲಿ ಆಚೆಯ ಚಲನವಲನ ಕಾಣುತ್ತಲೇ ಇರುತ್ತದೆ. ಜನ ಓಡಾಡುವ ಹೊತ್ತಿನಲ್ಲಿ ನಾಯಿ ಹಿತ್ತಲಲ್ಲೋ ಮನೆಯೊಳಗೋ ಇರಲಿ.

ಪಾಠ ಆಮೇಲೆ. ಪರಿಚಯದವರೊಬ್ಬರನ್ನು ರಸ್ತೆಯಲ್ಲಿ ನಡೆಯಲು ಒಪ್ಪಿಸಿ, ಗೇಟು ತೆರೆಯದೆ, ನಾಯಿಯನ್ನು ಹಗ್ಗದಲ್ಲಿ ಹಿಡಿದು ಮನೆಯ ಮೆಟ್ಟಿಲ ಬಳಿ ನಿಲ್ಲಿ. ಅಲ್ಲಿಂದ ರಸ್ತೆಯ ಒಂದು ತುಣುಕಷ್ಟೇ ಕಂಡರೆ ಸಾಕು. ಆಳು ಕಂಡೊಡನೆ ಬೇಯಿಸಿದ ಕೋಳಿಯ ಚೂರುಗಳನ್ನು ಒಂದೊಂದಾಗಿ ಕೊಡಿ, ಆಳು ಮರೆಯಾದೊಡನೆ ನಿಲ್ಲಿಸಿ. ಕ್ರಮ ತಿರುವುಮುರುವಾಗಬಾರದು. ತಿಂಡಿಯ ಪೊಟ್ಟಣದ ಸದ್ದು ಮೊದಲು ಕೇಳಿ ಆಮೇಲೆ ಆಳು ಬಂದರೆ ನಾಯಿ ಕಲಿಯುವುದು ಪೊಟ್ಟಣದ ಸಂಗತಿಯನ್ನು ಮಾತ್ರ. ಬಾಯಿ ಮುಚ್ಚಿ, ಕಿವಿ ಮುಂದಾಗಿ, ಮೈ ಸೆಟೆದು, ಕೋಳಿಯನ್ನೂ ಮೂಸದಿದ್ದರೆ ತೀರಾ ಹತ್ತಿರವಾಯಿತು ಎಂದರ್ಥ, ಹಿಂದೆ ಸರಿಯಿರಿ. ಆಳು ಕಂಡಾಗ ತಾನಾಗಿ ನಿಮ್ಮ ಮುಖ ನೋಡಲು ತೊಡಗಿದರೆ ಮಾತ್ರ ಒಂದೆರಡು ಹೆಜ್ಜೆ ಗೇಟಿನತ್ತ. ಐದು ನಿಮಿಷದ ಪಾಠ ಸಾಕು. ಇದು ವಾರಗಟ್ಟಲೆ ಹಿಡಿಯುವ ಕೆಲಸ, ನಡುವೆ ನೆರಳುಬಲೆ ಬಿಚ್ಚಿ ಹಳೆಯ ಆಟಕ್ಕೆ ಬಿಟ್ಟರೆ ಕಲಿತದ್ದು ಕರಗುತ್ತದೆ.

ಕೊಡಗಿನಲ್ಲಿ ಬೊಗಳಾಟವೇ ಬೇಡ ಎನ್ನುವವರು ಕಡಿಮೆ. ತೋಟಕ್ಕೆ ಆನೆ ಇಳಿದರೆ ಮೊದಲು ಹೇಳುವುದು ನಾಯಿಯೇ. ಎರಡು ಮೂರು ಬಾರಿ ಬೊಗಳಲಿ, ಬಂದು ನೋಡಿ, ಹೆಸರು ಕರೆದಾಗ ನಾಯಿ ಒಳಗೆ ಬಂದರೆ ತಿಂಡಿ ಕೊಡಿ. ಸುದ್ದಿ ಮುಟ್ಟಿಸಿದ ಮೇಲೆ ಅದರ ಕೆಲಸ ಮುಗಿಯಿತು. ಆದರೆ ಕಾವಲಿಗೆಂದು ರಾತ್ರಿಯಿಡೀ ಅಂಗಳದಲ್ಲಿ ಬಿಡುವುದನ್ನು ನಾನಂತೂ ಒಪ್ಪಲಾರೆ, ಚಿರತೆಗೆ ನಾಯಿ ಸುಲಭದ ಬೇಟೆ.

ಈಗಾಗಲೇ ಒಮ್ಮೆ ಕಚ್ಚಿರುವ ನಾಯಿಯ ಮೇಲೆ ಇದನ್ನೆಲ್ಲ ಒಬ್ಬರೇ ಪ್ರಯೋಗಿಸಬೇಡಿ. ಶಾಂತವಾಗಿದ್ದದ್ದು ಹಠಾತ್ತನೆ ಕೆರಳತೊಡಗಿದ್ದರೆ ಕಿವಿನೋವೋ ಕೀಲುನೋವೋ ಇದ್ದೀತು, ಪಶುವೈದ್ಯರು ಮೊದಲು ನೋಡಲಿ. ರೇಬೀಸ್ ಲಸಿಕೆಯ ಚೀಟಿ ಕೈಗೆ ಸಿಗುವಂತಿರಲಿ. ಗೇಟಿಗೆ ಒಳಗಿನಿಂದ ಇನ್ನೊಂದು ಚಿಲಕ ಹಾಕಿಸಿ, ಏಕೆಂದರೆ ಅತಿಥಿಗಳು ಅರ್ಧ ತೆರೆದು ಬಿಟ್ಟುಹೋದ ಗೇಟು ಅನಾಹುತಕ್ಕೆ ದಾರಿಯಾಗಬಹುದು.