ಫ್ಯಾಕ್ಟ್‌ಶೀಟ್‌ನಲ್ಲಿ ಕಾಣದ ಅರವತ್ತು ರೂಪಾಯಿ

ಬನಶಂಕರಿಯಿಂದ ಒಬ್ಬ ಹುಡುಗಿ ಕಳೆದ ತಿಂಗಳು ನಮ್ಮ ಬಸವನಗುಡಿ ಆಫೀಸಿಗೆ ಬಂದಿದ್ದರು. ಸಾಫ್ಟ್‌ವೇರ್ ಕೆಲಸ, ಲೆಕ್ಕದಲ್ಲಿ ಚುರುಕು. "ಸರ್, ಎರಡೂ ನಿಫ್ಟಿ ಮಿಡ್‌ಕ್ಯಾಪ್ 150 ಸೂಚ್ಯಂಕವನ್ನೇ ಹಿಂಬಾಲಿಸುತ್ತವೆ. ಇಂಡೆಕ್ಸ್ ಫಂಡ್‌ಗೆ ಖರ್ಚು 0.20%, ಇಟಿಎಫ್‌ಗೆ 0.05%. ಅದಕ್ಕೇ ತಿಂಗಳಿಗೆ ಹತ್ತು ಸಾವಿರಕ್ಕೆ ಇಟಿಎಫ್ ತಗೊಳ್ತಿದ್ದೀನಿ. ಸರಿ ಅಲ್ವಾ?" ಎಂದು ಕೇಳಿದರು. ಇಟಿಎಫ್ ಅಂದರೆ ಷೇರಿನ ಹಾಗೆ ಮಾರುಕಟ್ಟೆಯಲ್ಲೇ ಕೊಂಡು ಮಾರುವ ಫಂಡ್.

ಎಕ್ಸ್‌ಪೆನ್ಸ್ ರೇಶಿಯೊ, ಅಂದರೆ ಫಂಡ್ ನಡೆಸಲು ವರ್ಷಕ್ಕೆ ಹಿಡಿಯುವ ಖರ್ಚಿನ ಮಟ್ಟಿಗೆ ಅವರ ಮಾತು ಸರಿ. ಈ ಖರ್ಚನ್ನು ಯಾರೂ ಬಂದು ಕೇಳುವುದಿಲ್ಲ. ದಿನಕ್ಕಿಷ್ಟು ಅಂತ ಎನ್‌ಎವಿಯಲ್ಲೇ, ಅಂದರೆ ಫಂಡ್‌ನ ಒಂದು ಯೂನಿಟ್‌ನ ಬೆಲೆಯಲ್ಲೇ, ಕಳೆದಿರುತ್ತಾರೆ. ಹತ್ತು ಸಾವಿರಕ್ಕೆ 0.15% ಉಳಿತಾಯ ಅಂದರೆ ವರ್ಷಕ್ಕೆ ಹದಿನೈದು ರೂಪಾಯಿ.

ಹಿಂದಿನ ತಿಂಗಳ ಖರೀದಿ ತೋರಿಸಿ ಅಂದೆ. ಬೆಳಿಗ್ಗೆ ಮಾರುಕಟ್ಟೆ ತೆರೆದ ಕೂಡಲೇ ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕಿದ್ದರು. ಯೂನಿಟ್‌ಗೆ 251.60 ರೂಪಾಯಿಯಂತೆ 39 ಯೂನಿಟ್ ಸಿಕ್ಕಿದ್ದವು. ಆ ಹೊತ್ತಿನ ಐ-ಎನ್‌ಎವಿ, ಅಂದರೆ ಒಳಗಿರುವ ಷೇರುಗಳ ಬೆಲೆಯಿಂದ ಲೆಕ್ಕ ಹಾಕಿದ ಯೂನಿಟ್‌ನ ನಿಜವಾದ ಬೆಲೆ, 250.10. ಒಂದೊಂದು ಯೂನಿಟ್‌ಗೂ ಒಂದೂವರೆ ರೂಪಾಯಿ ಜಾಸ್ತಿ. ಒಟ್ಟು 58.50 ರೂಪಾಯಿ. ವರ್ಷಕ್ಕೆ ಹದಿನೈದರಂತೆ ಸುಮಾರು ನಾಲ್ಕು ವರ್ಷ ಉಳಿಸಬೇಕಾದದ್ದು ಕೊಂಡ ದಿನವೇ ಹೋಯಿತು. ಅರ್ಧ ಯೂನಿಟ್ ಕೊಳ್ಳಲು ಬರುವುದಿಲ್ಲವಾದ್ದರಿಂದ ಇನ್ನೂ 187 ರೂಪಾಯಿ ಖಾತೆಯಲ್ಲಿ ಸುಮ್ನೆ ಕೂತಿತ್ತು.

ಹೀಗೇಕಾಗುತ್ತದೆ? ಇಂಡೆಕ್ಸ್ ಫಂಡ್‌ನಲ್ಲಿ ನಾವು ಫಂಡ್ ಕಂಪನಿಯಿಂದಲೇ ಆ ದಿನದ ಎನ್‌ಎವಿಗೆ ಕೊಳ್ಳುತ್ತೇವೆ. ಇಟಿಎಫ್‌ನಲ್ಲಿ ಎದುರಿಗಿರುವುದು ಮಾರುಕಟ್ಟೆಯಲ್ಲಿ ಮಾರಲು ನಿಂತ ಇನ್ನೊಬ್ಬರು. ನಿಫ್ಟಿ 50ರ ದೊಡ್ಡ ಇಟಿಎಫ್‌ಗಳಲ್ಲಿ ಮಾರುವವರು ಸಾಲುಗಟ್ಟಿ ನಿಂತಿರುತ್ತಾರೆ, ವ್ಯತ್ಯಾಸ ಸಾಮಾನ್ಯವಾಗಿ ಪೈಸೆಗಳಲ್ಲಿ ಮುಗಿಯುತ್ತದೆ. ವಹಿವಾಟು ಕಡಿಮೆ ಇರುವ ಕಡೆ ಹಾಗಲ್ಲ. ಮಾರುವಾಗಲೂ ಇದೇ ಕಥೆ, ಉಲ್ಟಾ ದಿಕ್ಕಿನಲ್ಲಿ. ಜೊತೆಗೆ ಎಷ್ಟೇ ಯೂನಿಟ್ ಮಾರಿದರೂ ಡಿಮ್ಯಾಟ್ ಖಾತೆಯಿಂದ ಯೂನಿಟ್ ಹೊರಹೋಗುವಾಗ ಹಿಡಿಯುವ ಡಿಪಿ ಶುಲ್ಕ ಬೇರೆ.

"ಆದ್ರೆ ಸರ್, ಇದರ ಟ್ರ್ಯಾಕಿಂಗ್ ಎರರ್ ತುಂಬಾ ಕಡಿಮೆ ಇದೆಯಲ್ಲ?" ಎಂದರು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ದಿನಾ ಸರಿಯಾಗಿ ಹತ್ತು ನಿಮಿಷ ತಡವಾಗಿ ಬರುವ ಬಸ್ಸನ್ನು ನೆನೆಸಿಕೊಳ್ಳಿ. ತಡ ಹೌದು, ಆದರೆ ಏರುಪೇರಿಲ್ಲ. ಟ್ರ್ಯಾಕಿಂಗ್ ಎರರ್ ಅಳೆಯುವುದು ಆ ಏರುಪೇರನ್ನು, ತಡವನ್ನಲ್ಲ. ಪ್ರತಿದಿನ ಒಂದೇ ಅಳತೆಯಲ್ಲಿ ಹಿಂದೆ ಬಿದ್ದು ವರ್ಷಕ್ಕೆ 1% ಕಳೆದುಕೊಳ್ಳುವ ಫಂಡ್‌ನ ಟ್ರ್ಯಾಕಿಂಗ್ ಎರರ್ ಹೆಚ್ಚುಕಮ್ಮಿ ಸೊನ್ನೆ ಇರಬಹುದು.

ಎಷ್ಟು ಹಿಂದೆ ಬಿತ್ತು ಅನ್ನುವುದಕ್ಕೆ ಟ್ರ್ಯಾಕಿಂಗ್ ಡಿಫರೆನ್ಸ್ ನೋಡಬೇಕು. ಸೆಬಿಯ 2022ರ ನಿಯಮದಿಂದಾಗಿ ಫಂಡ್ ಕಂಪನಿಗಳು ಇದನ್ನು ಪ್ರತಿ ತಿಂಗಳು ಪ್ರಕಟಿಸುತ್ತವೆ. ಸೂಚ್ಯಂಕ 12% ಕೊಟ್ಟು ಫಂಡ್ 11.65% ಕೊಟ್ಟಿದ್ದರೆ ಅಂತರ 0.35%. ಅದರಲ್ಲಿ 0.20% ಎಕ್ಸ್‌ಪೆನ್ಸ್ ರೇಶಿಯೊ. ಮಿಕ್ಕ 0.15% ಕೈಯಲ್ಲಿ ಉಳಿದ ನಗದಿನಿಂದ, ಸೂಚ್ಯಂಕದ ಪಟ್ಟಿ ಬದಲಾದಾಗ ಷೇರು ಕೊಂಡು ಮಾರಿದ ಖರ್ಚಿನಿಂದ ಬಂದಿರುತ್ತದೆ. ಹೋಲಿಸುವಾಗ ಡಿವಿಡೆಂಡ್ ಸೇರಿಸಿದ ಟಿಆರ್‌ಐ ಸೂಚ್ಯಂಕವನ್ನೇ ತಗೊಳ್ಳಿ. ಟಿವಿಯಲ್ಲಿ ಓಡುವ ಸೂಚ್ಯಂಕದ ಜೊತೆ ಹೋಲಿಸಿದರೆ, ಹಿಂದೆ ಬಿದ್ದ ಫಂಡ್ ಕೂಡ ಸೂಚ್ಯಂಕವನ್ನೇ ಮೀರಿಸಿದ ಹಾಗೆ ಕಾಣುತ್ತದೆ.

ಆದರೆ ಈ ಅಂಕಿಯೂ ಲೆಕ್ಕ ಹಾಕುವುದು ಎನ್‌ಎವಿಯಿಂದ. ಇಂಡೆಕ್ಸ್ ಫಂಡ್‌ನಲ್ಲಿ ನಿಮಗೆ ಸಿಗುವ ಬೆಲೆ ಅದೇ, ಹಾಗಾಗಿ ತೊಂದರೆಯಿಲ್ಲ. ಇಟಿಎಫ್‌ನಲ್ಲಿ ನೀವು ಕೊಟ್ಟದ್ದು ಮಾರುಕಟ್ಟೆಯ ಬೆಲೆ. ಆ 58.50 ರೂಪಾಯಿ ಯಾವ ಫ್ಯಾಕ್ಟ್‌ಶೀಟ್‌ನಲ್ಲೂ ಬರುವುದಿಲ್ಲ. ಅದನ್ನು ಕೊಳ್ಳುವವರೇ ಹಿಡಿಯಬೇಕು. ಫಂಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ಐ-ಎನ್‌ಎವಿ ಸಿಗುತ್ತದೆ. ಆರ್ಡರ್ ಹಾಕುವ ಹೊತ್ತಿಗೆ ಅದನ್ನೂ ಮಾರುವವರ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಹಾಗಂತ ಇಟಿಎಫ್ ಬೇಡವೇ ಬೇಡ ಅಂತಲ್ಲ. ಇದೇ ಹುಡುಗಿಯ ತಂದೆಗೆ ನಿವೃತ್ತಿಯ ಹಣದಲ್ಲಿ ಐದು ಲಕ್ಷವನ್ನು ನಿಫ್ಟಿ 50ರಲ್ಲಿ ಹತ್ತು ವರ್ಷ ಇಡುವ ಯೋಚನೆಯಿತ್ತು. ಅಲ್ಲಿ ಲೆಕ್ಕ ತಿರುಗುತ್ತದೆ. 0.15% ಅಂದರೆ ವರ್ಷಕ್ಕೆ 750 ರೂಪಾಯಿ, ಪ್ರತಿ ವರ್ಷವೂ. ಕೊಳ್ಳುವಾಗ ಒಂದೇ ಸಲ 0.05% ಜಾಸ್ತಿ ಕೊಟ್ಟರೂ ಹೋಗುವುದು 250. ಅವರಿಗೆ ಇಟಿಎಫ್ ಅನ್ನೇ ಹೇಳಿದೆ. ಬೆಳಿಗ್ಗೆ ಹನ್ನೊಂದರ ಮೇಲೆ, ಐ-ಎನ್‌ಎವಿ ನೋಡಿಕೊಂಡು, ಇಷ್ಟಕ್ಕಿಂತ ಜಾಸ್ತಿ ಕೊಡುವುದಿಲ್ಲ ಅನ್ನುವ ಲಿಮಿಟ್ ಆರ್ಡರನ್ನು ಮೂರು ಕಂತಿನಲ್ಲಿ ಹಾಕಿದರು.

ಮಗಳು ತಿಂಗಳ ಹತ್ತು ಸಾವಿರವನ್ನು ಇಂಡೆಕ್ಸ್ ಫಂಡ್‌ನ, ಏಜೆಂಟ್ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗೆ ಬದಲಿಸಿದರು. ಈಗಾಗಲೇ ಕೊಂಡ ಇಟಿಎಫ್ ಯೂನಿಟ್‌ಗಳನ್ನು ಮಾರಿಸಲಿಲ್ಲ. ಜಾಸ್ತಿ ಕೊಟ್ಟದ್ದು ಆಗಲೇ ಹೋಗಿದೆ. ಈಗ ಮಾರಿದರೆ ಕಡಿಮೆ ಬೆಲೆ, ಡಿಪಿ ಶುಲ್ಕ, ಲಾಭದ ಮೇಲಿನ ತೆರಿಗೆ, ಮೂರೂ ಒಟ್ಟಿಗೆ ಬೀಳುತ್ತಿದ್ದವು.