ಪ್ರಾಚಾರ್ಯರನ್ನು ‘ಚಾಣಾಕ್ಷ’ ಅನ್ನುವ ಮೊದಲು

ಮೇ ತಿಂಗಳು ಬಂತೆಂದರೆ ಕಲಬುರಗಿಯಲ್ಲಿ ನನ್ನಂಥ ಬಿನ್ನವತ್ತಳೆ ಬರೆಯುವವರಿಗೆ ಪುರಸೊತ್ತಿರುವುದಿಲ್ಲ. ನಮ್ಮ ಕಡೆ ಎಷ್ಟೋ ಮಂದಿ ಮೇಷ್ಟ್ರುಗಳ ಜನ್ಮದಿನ ದಾಖಲೆಯಲ್ಲಿ ಜೂನ್ 1. ಹಾಗಾಗಿ 60 ತುಂಬುತ್ತಿದ್ದಂತೆ ಮೇ 31ಕ್ಕೆ ಸಾಲಾಗಿ ನಿವೃತ್ತಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ವಾರ ಮೊದಲೇ ಸಿದ್ಧ ಇರುತ್ತದೆ. ಭಾಷಣ ಮಾತ್ರ ಹಿಂದಿನ ರಾತ್ರಿ ನನ್ನ ಹತ್ತಿರ ಬರುತ್ತದೆ.

ಬರುವ ಕರಡಿನಲ್ಲಿ ಹೆಚ್ಚುಕಡಿಮೆ ಒಂದೇ ಸಾಲು: ‘ಜಾಣರೂ ಚತುರರೂ ಚಾಣಾಕ್ಷರೂ ಪ್ರತಿಭಾವಂತರೂ ವಿವೇಕಿಗಳೂ ಆದ ನಮ್ಮ ಪ್ರಾಚಾರ್ಯರು...’ ಯಾಕ್ರಿ ಇಷ್ಟೊಂದು ಅಂತ ಕೇಳಿದರೆ, “ಎಲ್ಲಾ ಒಂದೇ ಅರ್ಥ ಅಲ್ಲೇನ್ರಿ ಸರ್, ತೂಕ ಬರ್ಲಿ ಅಂತ ಹಾಕೀವಿ” ಅನ್ನುತ್ತಾರೆ. ಎಲ್ಲಾ ಒಂದೇ ಅರ್ಥ ಅಲ್ಲ. ಅದರಲ್ಲಿ ಒಂದೆರಡು ಮಾತು ಸಭೆಯಲ್ಲಿ ತಿರುಗಿ ಬೀಳುತ್ತವೆ.

ಹೋದ ಸಲ ಬಂದ ಒಂದು ಕರಡನ್ನೇ ತಗೊಳ್ಳಿ. ಒಂದು ಪಿಯು ಕಾಲೇಜಿನ ಉಪನ್ಯಾಸಕರು ತಂದಿದ್ದರು. ಅದರಲ್ಲಿ ಹೀಗಿತ್ತು: ‘ಮಕ್ಕಳ ಹಾಜರಾತಿ ಸಮಸ್ಯೆಯನ್ನು ಪ್ರಾಚಾರ್ಯರು ತಮ್ಮ ಚಾಣಾಕ್ಷತನದಿಂದ ಬಗೆಹರಿಸಿದರು.’ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಮುಂದಿನ ಸಾಲಿನಲ್ಲಿ ಇಲಾಖೆಯ ಅಧಿಕಾರಿಗಳು ಕೂತಿರುತ್ತಾರೆ. ಈ ವಾಕ್ಯ ಕೇಳಿದವರ ಮನಸ್ಸಿಗೆ ಮೊದಲು ಏನು ಬರುತ್ತದೆ? ರಿಜಿಸ್ಟರ್ ತಿದ್ದಿದ್ದಾರೆ ಅಂತಲೇ ಅಲ್ವಾ?

“ಹಂಗೇನಿಲ್ರಿ, ನಮ್ಮ ಸರ್ ಅಂಥಾವ್ರಲ್ಲ” ಅಂದರು. ಹಾಗಾದರೆ ಏನು ಮಾಡಿದರು ಹೇಳಿ ಅಂದೆ. ಕತೆ ಆಗ ಹೊರಗೆ ಬಂತು.

ದೀಪಾವಳಿ ಮುಗಿಯುತ್ತಿದ್ದಂತೆ ಆ ಊರಿನ ಹಲವು ಮನೆಯವರು ಕಟ್ಟಡದ ಕೆಲಸಕ್ಕೆ ಪುಣೆಗೆ ಹೋಗುತ್ತಾರೆ. ಜತೆಗೆ ಮಕ್ಕಳೂ ಹೋಗುತ್ತಾರೆ. ಜನವರಿಯಲ್ಲಿ ಕಾಲೇಜು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಈ ಪ್ರಾಚಾರ್ಯರು ನವೆಂಬರಿನಲ್ಲೇ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಲೆಕ್ಕ ತಿರುಗಿಸಿದರು. ವರ್ಷಕ್ಕೆ 200 ದಿನ ತರಗತಿ ಅಂದುಕೊಳ್ಳಿ, 150 ದಿನ ಬರಲೇಬೇಕು. ಎಷ್ಟು ದಿನ ತಪ್ಪಿಸಿದ್ದಾನೆ ಅಂತ ಎಲ್ಲರೂ ಬರೆದಿಡುತ್ತಾರೆ. ಇವರು ಬರೆದದ್ದು, ಇನ್ನೆಷ್ಟು ದಿನ ತಪ್ಪಿಸಬಹುದು ಅಂತ. 40 ದಿನ ತಪ್ಪಿಸಿದವನಿಗೆ ಇನ್ನು 10 ದಿನ ಉಳಿದಿದೆ, ಮೊದಲು ಅವನನ್ನು ಕರೆಸಬೇಕು. 15 ದಿನ ತಪ್ಪಿಸಿದವಳಿಗೆ ಸ್ವಲ್ಪ ಸಮಯ ಇದೆ. ಇದು ಜಾಣತನ. ಎದುರಿಗಿರುವ ಗಂಟನ್ನು ಥಟ್ಟನೆ ಬಿಡಿಸುವ ಬುದ್ಧಿ.

ಆಮೇಲೆ ಪುಣೆಗೆ ಫೋನು. ಅಪ್ಪ ಅಮ್ಮಂದಿರು “ಹೂಂ ಸರ್, ಕಳಿಸ್ತೀವಿ” ಅನ್ನುವುದು, ಕಳಿಸದೇ ಇರುವುದು. ಪ್ರಾಚಾರ್ಯರು ಮೂರನೇ ಸಲ ಅವರಿಗೆ ಫೋನು ಮಾಡಲಿಲ್ಲ, ಕೆಲಸಕ್ಕೆ ಕರೆದೊಯ್ದ ಮೇಸ್ತ್ರಿಗೆ ಮಾಡಿದರು. ಮುಂಗಡ ಕೊಟ್ಟವನು ಅವನು, ಅವನು ಬೇಡ ಅಂದರೆ ಹುಡುಗ ಇಟ್ಟಿಗೆ ಹೊರುವಂತಿಲ್ಲ. ಆ ಮೇಸ್ತ್ರಿಯ ತಮ್ಮನ ಮಗಳೂ ಅದೇ ಕಾಲೇಜಿನಲ್ಲಿ ಓದುತ್ತಿದ್ದಳು ಅನ್ನುವುದು ಪ್ರಾಚಾರ್ಯರ ನೆನಪಿನಲ್ಲಿತ್ತು. ಇದು ಚಾಣಾಕ್ಷತನ. ಲೆಕ್ಕ ಬಲ್ಲವನಿಗಿಂತ ಜನ ಬಲ್ಲವನಿಗೆ ಒಪ್ಪುವ ಮಾತು. ಯಾರ ಮಾತು ಎಲ್ಲಿ ನಡೆಯುತ್ತದೆ ಅಂತ ತಿಳಿದಿರಬೇಕು.

ಒಬ್ಬ ಹುಡುಗನದು ಮಾತ್ರ ಮೀರಿಹೋಗಿತ್ತು. ಉಳಿದ ದಿನವೆಲ್ಲ ಬಂದರೂ 75 ಆಗುತ್ತಿರಲಿಲ್ಲ. “ನಾಕೈದು ದಿನ ಹಾಕಿಬಿಡ್ರಿ ಸರ್, ಯಾರ್ ನೋಡ್ತಾರ” ಅಂತ ಸಿಬ್ಬಂದಿಯೇ ಹೇಳಿದರು. ಪ್ರಾಚಾರ್ಯರು ಹಾಕಲಿಲ್ಲ. ಹಾಗಂತ ಹುಡುಗನನ್ನು ಕೈಬಿಡಲೂ ಇಲ್ಲ. ಈ ವರ್ಷ ಪರೀಕ್ಷೆ ಇಲ್ಲ, ಆದರೂ ದಿನಾ ಬಾ ಅಂತ ಕೂರಿಸಿದರು. ಮರುವರ್ಷ ಅವನು ಪಾಸಾದ. ಇದನ್ನು ವಿವೇಕ ಅನ್ನಬೇಕು. ಮಾಡಲು ಸಾಧ್ಯವಿದ್ದರೂ ಯಾವುದನ್ನು ಮಾಡಬಾರದು ಅಂತ ತಿಳಿದು, ಅದರ ನಷ್ಟವನ್ನೂ ಹೊರುವುದು. ನಾಲ್ಕು ದಿನ ಹಾಕಿಬಿಟ್ಟಿದ್ದರೆ? ಅದಕ್ಕೂ ಅಷ್ಟೇ ಬುದ್ಧಿ ಖರ್ಚಾಗುತ್ತಿತ್ತು, ಹುಡುಗನಿಗೂ ಖುಷಿಯಾಗುತ್ತಿತ್ತು. ಆದರೆ ಅದು ಕುಯುಕ್ತಿ, ಯಾಕೆಂದರೆ ಮುಚ್ಚಿಟ್ಟರೆ ಮಾತ್ರ ನಡೆಯುವ ಕೆಲಸ.

ನಾನು ಹಿಡಿಯುವ ಗೆರೆ ಇದೇ. ಚಾಣಾಕ್ಷತನ ಬಯಲಾದರೆ ಜನ ನಕ್ಕು ಮೆಚ್ಚುತ್ತಾರೆ, ಆ ಮೇಸ್ತ್ರಿಯೂ ಕೇಳಿ ನಕ್ಕಾನು. ಕುಯುಕ್ತಿ ಬಯಲಾದರೆ ಯಾರಿಗೋ ಮುಖ ತೋರಿಸಲಾಗುವುದಿಲ್ಲ. ನೀವು ಬರೆದ ಪ್ರಸಂಗವನ್ನು ಅದರಲ್ಲಿ ಸೋತವರ ಮುಂದೆ ಓದಬಹುದಾ ಅಂತ ನೋಡಿ. ಓದಬಹುದು ಅನ್ನಿಸಿದರೆ ಬಿಡಿ, ಇರಲಿ.

ತೊಂದರೆ ಏನೆಂದರೆ, ‘ಚಾಣಾಕ್ಷ’ ಅಂತ ಬರೀ ಪದ ಹೇಳಿ ಪ್ರಸಂಗ ಬಿಟ್ಟರೆ ಕೇಳುವವರು ತಮಗೆ ತೋಚಿದ ಪ್ರಸಂಗ ತುಂಬಿಕೊಳ್ಳುತ್ತಾರೆ. ಪತ್ರಿಕೆಗಳಲ್ಲಿ ಅದು ರಾಜಕಾರಣಿಗಳಿಗೆ ಹಾಕಿ ಹಾಕಿ ಸವೆದ ಮಾತು. ನಮ್ಮ ಭಾಗದಲ್ಲಂತೂ ಇನ್ನೂ ಸೂಕ್ಷ್ಮ. ಚಹಾದ ಅಂಗಡಿಯಲ್ಲಿ “ನಮ್ಮ ಸರ್ ಭಾಳ ಬೆರಕಿ ಅದಾರ” ಅಂದರೆ ಪ್ರೀತಿ. ‘ಚಾಲಾಕಿ’ಯೂ ಹಾಗೇ, ಹೇಳುವವರ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ಮೈಕಿನಲ್ಲಿ ಆ ಮುಖ ಅರ್ಧ ಕಾಣುತ್ತದೆ. ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಬಿನ್ನವತ್ತಳೆಯಲ್ಲಿ ಏನೂ ಕಾಣುವುದಿಲ್ಲ. ಬೀಗರು ಬಂದಾಗ ಓದುವುದು ಅದನ್ನೇ.

‘ಜಾಣ’ದಲ್ಲಿ ಬೇರೆ ಪೇಚಿದೆ. ಅದು ದೊಡ್ಡವರು ಚಿಕ್ಕವರಿಗೆ ಹೇಳುವ ಮಾತು. ನಿನ್ನೆ ಮೊನ್ನೆ ಸೇರಿದ ಅತಿಥಿ ಉಪನ್ಯಾಸಕ ಎದ್ದುನಿಂತು 60 ವರ್ಷದವರನ್ನು ಜಾಣರು ಅಂದರೆ ಬೆನ್ನು ತಟ್ಟಿದ ಹಾಗಿರುತ್ತದೆ. ‘ಶಾಣ್ಯಾ’ ಅಂತೂ ಬೇಡವೇ ಬೇಡ, ಹಿಂದಿನ ಸಾಲಿನಲ್ಲಿ ಯಾರಾದರೂ ‘ದೀಡ್ ಶಾಣ್ಯಾ’ ಅಂತ ಪಿಸುಗುಟ್ಟೇ ಗುಟ್ಟುತ್ತಾರೆ. ಚತುರ ಅನ್ನುವುದಕ್ಕೆ ಅಷ್ಟು ಭಯವಿಲ್ಲ. ನಮ್ಮ ಸೇಡಂ ತಾಲೂಕಿನ ಮಳಖೇಡದಲ್ಲಿ ರಾಷ್ಟ್ರಕೂಟರಿದ್ದಾಗ ಹುಟ್ಟಿದ ಕವಿರಾಜಮಾರ್ಗ ಕನ್ನಡನಾಡಿನವರನ್ನು ‘ಚದುರರ್’ ಅಂದದ್ದು ಹೊಗಳಿಕೆಯಾಗಿಯೇ. ಆದರೆ ಅಲ್ಲಿ ಹೊಗಳಿದ್ದು ಹದವರಿತು ಮಾತಾಡುವುದನ್ನು. ನಿಮ್ಮ ಪ್ರಾಚಾರ್ಯರು ಮಾತಿನಲ್ಲಿ ಚುರುಕಾಗಿದ್ದರೆ ಬಳಸಿ.

ಕೊನೆಗೆ ಆ ಸಾಲನ್ನು ಹೀಗೆ ಮಾಡಿದೆವು: ‘ಪುಣೆಗೆ ಹೋದ ಮಕ್ಕಳನ್ನು ಕರೆಸಲು ನಮ್ಮ ಸರ್ ಮೇಸ್ತ್ರಿಗೇ ಫೋನು ಮಾಡಿದರು. ಬಂದವರಿಗೆ ಪರೀಕ್ಷೆ ಬರೆಸಿದರು. ಹಾಜರಿ ಸಾಲದ ಒಬ್ಬನಿಗೆ ಪುಸ್ತಕ ತಿದ್ದಲಿಲ್ಲ, ಇನ್ನೊಂದು ವರ್ಷ ಜತೆಗಿದ್ದು ಓದಿಸಿದರು. ಅವರ ವಿವೇಕ ನಮಗೆ ದಾರಿ.’ ಐದು ವಿಶೇಷಣಗಳಲ್ಲಿ ಒಂದೇ ಉಳಿಯಿತು. ‘ಚಾಣಾಕ್ಷ’ ಅನ್ನುವ ಪದ ಹೋಯಿತು, ಚಾಣಾಕ್ಷತನ ಮೇಸ್ತ್ರಿಯ ಫೋನಿನಲ್ಲಿ ಇದ್ದೇ ಇದೆ.

ಉಪನ್ಯಾಸಕರಿಗೆ ಸಮಾಧಾನವಾಗಲಿಲ್ಲ. “ಪ್ರತಿಭಾವಂತರು ಅಂತರ ಒಂದ್ ಮಾತ್ ಇರ್ಲಿ ಸರ್” ಅಂದರು. ಪ್ರತಿಭೆ ಅಂದರೆ ಬೇರೆಯವರಿಗೆ ಹೊಳೆಯದ್ದು ಹೊಳೆಯಬೇಕು, ಹೊಸದೇನಾದರೂ ಹುಟ್ಟಬೇಕು. ಚೊಕ್ಕ ಆಡಳಿತಕ್ಕೆ ಆ ಮಾತು ದೊಡ್ಡ ಅಂಗಿ. ಅವರು ಕತೆ, ಕವಿತೆ ಏನಾದರೂ ಬರೀತಾರಾ, ಪಾಠ ಹೇಳುವುದರಲ್ಲಿ ಹೊಸ ದಾರಿ ಏನಾದರೂ ಹುಡುಕಿದ್ದಾರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು.

“ಇತಿಹಾಸ ಹೇಳ್ತಿದ್ರಿ. ಇಸವಿ ನೆನಪಿಡಾಕ ಹಾಡು ಕಟ್ಟತಿದ್ರು. ನಾನೂ ಅವರ ಸ್ಟೂಡೆಂಟೇ, ಇನ್ನೂ ಬಾಯಾಗ ಅದಾವ.”

ಅದನ್ನು ಇಷ್ಟು ಹೊತ್ತು ಯಾಕ್ರಿ ಹೇಳಲಿಲ್ಲ ಅಂತ ಬೈದು, ಒಂದು ಹಾಡು ಬರೆಸಿಕೊಂಡೆ.